35 ಎಂದವಳು, 52 ಎಂದವನು

ಒಂದು ತ್ರಿಭುಜ ಬರೆದುಕೊಳ್ಳಿ. ಕೆಳಗಿನ ಅಡ್ಡಗೆರೆ 7 ಸೆಂ.ಮೀ., ಅದೇ ಪಾದ. ತ್ರಿಭುಜ ನೆಟ್ಟಗೆ ನಿಂತಿಲ್ಲ, ಹೊಳೆದಂಡೆಯ ತೆಂಗಿನಮರದ ಹಾಗೆ ಎಡಕ್ಕೆ ವಾಲಿದೆ. ಎಷ್ಟು ವಾಲಿದೆಯೆಂದರೆ, ಅದರ ನೆತ್ತಿಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟರೆ ಅದು ಪಾದದ ಮೇಲೆ ಬೀಳುವುದೇ ಇಲ್ಲ, ಪಾದದ ಎಡತುದಿಯಿಂದ 6 ಸೆಂ.ಮೀ. ಆಚೆ ನೆಲ ಮುಟ್ಟುತ್ತದೆ. ಆ ದಾರದ ಉದ್ದ 8 ಸೆಂ.ಮೀ. ನೆತ್ತಿಯಿಂದ ಪಾದದ ಎಡತುದಿಗೆ ಬರುವ ಓರೆ ಬಾಹು 10 ಸೆಂ.ಮೀ. ಈ ನಾಲ್ಕೂ ಅಳತೆಗಳನ್ನು ಚಿತ್ರದಲ್ಲಿ ಬರೆದಿದ್ದೇನೆ. ತ್ರಿಭುಜದ ವಿಸ್ತೀರ್ಣ ಎಷ್ಟು?

(ಎ) 28 ಚ.ಸೆಂ.ಮೀ.
(ಬಿ) 35 ಚ.ಸೆಂ.ಮೀ.
(ಸಿ) 52 ಚ.ಸೆಂ.ಮೀ.
(ಡಿ) 56 ಚ.ಸೆಂ.ಮೀ.

ಪಾದ 7, ಎತ್ತರ 8, ಗುಣಿಸಿ ಅರ್ಧ ಮಾಡಿದರೆ 28. ಸರಿಯುತ್ತರ (ಎ). ಆದರೆ ಈ ಪ್ರಶ್ನೆ ಬರೆಯುವಾಗ ನನ್ನ ಸಮಯವನ್ನೆಲ್ಲ ತಿಂದದ್ದು ಆ 28 ಅಲ್ಲ, ಅದರ ಕೆಳಗಿರುವ ಮೂರು ತಪ್ಪುಗಳು.

ಬಹು ಆಯ್ಕೆಯ ಪ್ರಶ್ನೆಯಲ್ಲಿ ಸರಿಯುತ್ತರದ ಜೊತೆ ಕೂರಿಸುವ ಈ ತಪ್ಪು ಉತ್ತರಗಳಿಗೆ ಬಿ.ಎಡ್. ತರಗತಿಯಲ್ಲಿ ಡಿಸ್ಟ್ರಾಕ್ಟರ್ ಅಂತ ಹೆಸರು. ಗಮನವನ್ನು ಬೇರೆಡೆಗೆ ಎಳೆಯುವುದು ಅದರ ಕೆಲಸ ಎಂಬ ಅರ್ಥ ಬರುತ್ತದೆ. ನನಗೆ ಆ ಹೆಸರು ಅಷ್ಟು ಹಿಡಿಸಿಲ್ಲ. ಮಗುವನ್ನು ದಾರಿ ತಪ್ಪಿಸಲು ನಾನು ಅದನ್ನು ಇಡುವುದಿಲ್ಲ. ಮಗು ಆಗಲೇ ಯಾವ ದಾರಿ ಹಿಡಿದಿದೆ ಎಂದು ತಿಳಿಯಲು ಇಡುತ್ತೇನೆ. ಮೇಲಿನ ಪ್ರಶ್ನೆಯಲ್ಲಿ 35 ಎಂದು ಗುರುತು ಹಾಕಿದವಳಿಗೂ 52 ಎಂದು ಹಾಕಿದವನಿಗೂ ಸಿಗುವ ಅಂಕ ಒಂದೇ, ಸೊನ್ನೆ. ಆದರೆ ಅವರಿಬ್ಬರ ಕಷ್ಟ ಬೇರೆ ಬೇರೆ, ಮಾರನೆಯ ದಿನ ಅವರಿಗೆ ಹೇಳಿಕೊಡಬೇಕಾದ ಪಾಠವೂ ಬೇರೆ.

56 ಸುಲಭ: ಏಳೆಂಟಲಿ ಐವತ್ತಾರು ಮಾಡಿ ಅರ್ಧ ಮಾಡುವುದನ್ನು ಬಿಟ್ಟದ್ದು. 35 ಬರುವುದು ಎತ್ತರದ ಜಾಗದಲ್ಲಿ ಓರೆ ಬಾಹುವನ್ನು ಇಟ್ಟಾಗ, ಅಂದರೆ 7ನ್ನು 10ರಿಂದ ಗುಣಿಸಿ ಅರ್ಧ ಮಾಡಿದಾಗ. ಈ ಮಗುವಿಗೆ ಸೂತ್ರ ಬಾಯಿಗೆ ಬರುತ್ತದೆ, ಅರ್ಧವೂ ನೆನಪಿದೆ, ಆದರೆ ಎತ್ತರ ಎಂದರೆ ಏನು ಎನ್ನುವುದೇ ತಿಳಿದಿಲ್ಲ. ಇನ್ನು 52. ಇದು ಬರಬೇಕಾದರೆ ಮಗು ಪಾದವನ್ನು 7 ಎನ್ನದೆ, ಹೊರಗೆ ಚಾಚಿದ 6ನ್ನೂ ಸೇರಿಸಿ 13 ಎಂದುಕೊಂಡಿರಬೇಕು. 13ನ್ನು 8ರಿಂದ ಗುಣಿಸಿ ಅರ್ಧ ಮಾಡಿದರೆ 52.

ಈ 52 ನನ್ನ ತಲೆಗೆ ತಾನಾಗಿ ಹೊಳೆದದ್ದಲ್ಲ. ಹಲವು ವರ್ಷ ನಾನು ಪ್ರಶ್ನೆಪತ್ರಿಕೆ ಬರೆದದ್ದು ಎಲ್ಲರೂ ಬರೆಯುವ ಹಾಗೆಯೇ: ಸರಿಯುತ್ತರ ಕಂಡುಹಿಡಿ, ಅದರ ಅಕ್ಕಪಕ್ಕದ ಮೂರು ಸಂಖ್ಯೆ ಹಾಕು. ಉತ್ತರ 28 ಇದ್ದರೆ 26, 30, 32. ನೋಡಲು ಅಚ್ಚುಕಟ್ಟು. ಆದರೆ 26 ಯಾವ ತಪ್ಪಿನಿಂದ ಬರುತ್ತದೆ? ಯಾವುದರಿಂದಲೂ ಬರುವುದಿಲ್ಲ. ಅದನ್ನು ಆರಿಸಿದ ಮಗು ಕಣ್ಣು ಮುಚ್ಚಿ ಬೆರಳಿಟ್ಟಿದೆ ಎಂಬುದರ ಆಚೆಗೆ ಅದು ನನಗೆ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ತೊಂದರೆಯ ಸಂಗತಿ ಎಂದರೆ, ಓರೆ ಬಾಹುವನ್ನು ಗುಣಿಸಿ 35 ತಂದ ಮಗು ಆಯ್ಕೆಗಳಲ್ಲಿ 35 ಇಲ್ಲದ್ದನ್ನು ಕಂಡು "ಓ, ಎಲ್ಲೋ ತಪ್ಪಿದೆ" ಎಂದು ಹಿಂದಿರುಗಿ, ಬೇರೆ ಎರಡು ಸಂಖ್ಯೆ ಗುಣಿಸಿ ನೋಡಿ, 28 ಸಿಕ್ಕಿದ ತಕ್ಷಣ ಗುರುತು ಹಾಕಿಬಿಡುತ್ತದೆ. ಪ್ರಶ್ನೆಪತ್ರಿಕೆಯೇ ಪಿಸುಗುಟ್ಟಿ ಉತ್ತರ ಹೇಳಿಕೊಟ್ಟ ಹಾಗಾಯಿತು. ಅಂಕ ಬಂತು, ತಪ್ಪು ತಿಳಿವಳಿಕೆ ಇದ್ದಲ್ಲೇ ಉಳಿಯಿತು.

ಆದ್ದರಿಂದ ಆಯ್ಕೆಗಳನ್ನು ಬರೆಯುವ ಕೆಲಸ ಆಯ್ಕೆಗಳೇ ಇಲ್ಲದ ಪ್ರಶ್ನೆಯಿಂದ ಶುರುವಾಗಬೇಕು. ಅದೇ ಚಿತ್ರ, ಅದೇ ಅಳತೆ, ಕೆಳಗೆ ಬರೀ ಖಾಲಿ ಜಾಗ. ಒಂಬತ್ತನೇ ತರಗತಿಯವರಿಗೆ ಒಂದೊಂದು ಚೀಟಿ ಕೊಟ್ಟು, ಲೆಕ್ಕ ಮಾಡಿದ್ದನ್ನು ಅಳಿಸಬೇಡಿ ಎಂದೆ. ಸಂಜೆ ಚೀಟಿಗಳನ್ನು ಉತ್ತರದ ಪ್ರಕಾರ ಇಸ್ಪೀಟೆಲೆಯಂತೆ ಗುಡ್ಡೆ ಹಾಕುತ್ತಾ ಹೋದೆ. 28ರ ಗುಡ್ಡೆ, 56ರ ಗುಡ್ಡೆ, 35ರ ಗುಡ್ಡೆ. ನಾನು ಎಣಿಸಿರದ ಒಂದು ಗುಡ್ಡೆಯೂ ಬೆಳೆಯಿತು. ಅದೇ 52. ಲೆಕ್ಕದ ತಪ್ಪಿರಬೇಕು ಎಂದು ಮೊದಲು ಅಂದುಕೊಂಡೆ. ಮರುದಿನ ಹಿಂದಿನ ಬೆಂಚಿನ ಹುಡುಗನನ್ನು ಕರೆದು, "ಇದು ಹೇಗಪ್ಪಾ ಬಂತು?" ಅಂತ ಕೇಳಿದೆ.

"ಸಾರ್, ಎತ್ತರ ಎಲ್ಲಿ ಇಳಿಯುತ್ತೋ ಅಲ್ಲಿಂದ ತಾನೇ ಪಾದ ಶುರುವಾಗೋದು?"

"ಮತ್ತೆ ಈ ಆರು ಸೆಂಟಿಮೀಟರ್ ತ್ರಿಭುಜದ ಒಳಗಿದೆಯಾ?"

ಅವನು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದ. "ಒಳಗಿಲ್ಲ ಸಾರ್. ಆದ್ರೆ ಎತ್ತರ ಅಂದ್ಮೇಲೆ ಪಾದದ ಮೇಲೆ ನಿಲ್ಲಬೇಕಲ್ವಾ?"

ಅವನ ಮಾತಿನಲ್ಲಿ ಒಂದು ತರ್ಕವಿತ್ತು. ಅವನು ಇದುವರೆಗೆ ನೋಡಿದ ಎತ್ತರಗಳೆಲ್ಲ ಪಾದದ ಮೇಲೆಯೇ ನಿಂತಿದ್ದವು. ನಾವು ಹಲಗೆಯ ಮೇಲೆ ಬರೆಯುವ ತ್ರಿಭುಜ ಯಾವಾಗಲೂ ದೇವಸ್ಥಾನದ ಗೋಪುರದ ಹಾಗೆ: ಪಾದ ಅಡ್ಡಕ್ಕೆ, ನೆತ್ತಿ ನಡುವೆ, ಎತ್ತರ ಒಳಗೆ ಚುಕ್ಕೆಗೆರೆಯಲ್ಲಿ. "ಶೃಂಗದಿಂದ ಎದುರು ಬಾಹುವಿಗೆ ಅಥವಾ ಆ ಬಾಹುವಿನ ವೃದ್ಧಿಗೆ ಎಳೆದ ಲಂಬ" ಎಂದು ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಕಣ್ಣಿನಲ್ಲಿ ಕೂತಿರುವುದು ಗೋಪುರ. ಇಸ್ರೇಲಿನ ಗಣಿತ ಶಿಕ್ಷಣ ತಜ್ಞರಾದ ಶ್ಲೋಮೋ ವಿನ್ನರ್ ಮತ್ತು ರೀನಾ ಹರ್ಷ್ಕೋವಿಟ್ಸ್ 1980ರ ದಶಕದಲ್ಲಿ ಮಾಡಿದ ಕೆಲಸದ ತಿರುಳು ಇದೇ. ಮಾತಿನ ವ್ಯಾಖ್ಯೆ ಒಂದು, ಮನಸ್ಸಿನಲ್ಲಿ ಮೂಡುವ ಚಿತ್ರ ಇನ್ನೊಂದು. ಎರಡಕ್ಕೂ ಜಗಳ ಬಂದಾಗ ಮಕ್ಕಳು ಚಿತ್ರವನ್ನೇ ನಂಬುತ್ತಾರೆ. ಡಚ್ ಶಿಕ್ಷಕ ದಂಪತಿ ಪಿಯೆರ್ ಮತ್ತು ಡೀನಾ ವಾನ್ ಹೀಲೆ 1957ರ ತಮ್ಮ ಪ್ರಬಂಧಗಳಲ್ಲಿ ರೇಖಾಗಣಿತದ ಕಲಿಕೆಗೆ ಹಂತಗಳಿವೆ ಎಂದು ತೋರಿಸಿದಾಗಲೂ ಮೊದಲ ಹಂತದಲ್ಲಿ ಇಟ್ಟದ್ದು ಇಂಥದ್ದನ್ನೇ: ಆಕೃತಿಯನ್ನು ಗುಣದಿಂದಲ್ಲ, ಮುಖದಿಂದ ಗುರುತಿಸುವುದು. ಚೌಕವನ್ನು ಓರೆಯಾಗಿ ತಿರುಗಿಸಿದರೆ "ಇದು ಚೌಕ ಅಲ್ಲ, ಡೈಮಂಡ್" ಎನ್ನುವ ಮಗು ಆ ಹಂತದಲ್ಲಿದೆ.

ಅಂದಮೇಲೆ 52 ಅಜಾಗರೂಕತೆಯಿಂದ ಬಂದ ತಪ್ಪಲ್ಲ. ಅದಕ್ಕೊಂದು ಕಾರಣವಿದೆ, ಅದು ಮತ್ತೆ ಮತ್ತೆ ಬರುತ್ತದೆ, ಆಯ್ಕೆಯಾಗಿ ಕೂರಲು ಅದಕ್ಕೆ ಅರ್ಹತೆ ಇದೆ. ಚೀಟಿಯ ಗುಡ್ಡೆ ಹಾಕದೆ ಮೇಜಿನ ಮುಂದೆ ಕೂತೇ ಆಯ್ಕೆ ಬರೆದಿದ್ದರೆ ಅದು ನನಗೆ ಸಿಗುತ್ತಿರಲಿಲ್ಲ. ಸರಿಯಾಗಿ ಲೆಕ್ಕ ಬರುವವನಿಗೆ ತಪ್ಪುಗಳನ್ನು ಊಹಿಸುವುದು ಕಷ್ಟ. ನಾನು ಊಹಿಸಿದ್ದ ಇನ್ನೊಂದು ತಪ್ಪು, ಹೊರಗಿನ ಚಿಕ್ಕ ತ್ರಿಭುಜದ ವಿಸ್ತೀರ್ಣ 24, ಆ ಚೀಟಿಗಳಲ್ಲಿ ಹುಡುಕಿದರೂ ಇರಲಿಲ್ಲ.

ತಪ್ಪುಗಳು ಸಿಕ್ಕಿದ ಮೇಲೆ ಸಂಖ್ಯೆಗಳ ಸರದಿ. ನನ್ನ ಅನುಭವದಲ್ಲಿ ಹೆಚ್ಚು ಪ್ರಶ್ನೆಗಳು ಕೆಡುವುದು ಇಲ್ಲೇ. ನಾನೂ ಇಲ್ಲೇ ಬಿದ್ದೆ, ಅದೂ ಎರಡು ಸಲ.

ಈ ಪ್ರಶ್ನೆಯ ಮೊದಲ ರೂಪದಲ್ಲಿ ಪಾದ 7 ಇರಲಿಲ್ಲ, 9 ಇತ್ತು. ಉಳಿದದ್ದು ಇದೇ: ಎತ್ತರ 8, ಹೊರಚಾಚು 6, ಓರೆ ಬಾಹು 10. ಪಾದ 9 ಆದರೆ ಇನ್ನೊಂದು ಉದ್ದದ ಬಾಹು ಸರಿಯಾಗಿ 17 ಬರುತ್ತದೆ. ಎಲ್ಲ ಪೂರ್ಣಾಂಕ, ದಶಮಾಂಶದ ಕಾಟವಿಲ್ಲ. ಖುಷಿಯಿಂದ 17ನ್ನೂ ಚಿತ್ರದಲ್ಲಿ ಬರೆದೆ. ವಿಸ್ತೀರ್ಣ: 9ನ್ನು 8ರಿಂದ ಗುಣಿಸಿ ಅರ್ಧ, 36. ಪರೀಕ್ಷೆಯಲ್ಲಿ ಮಕ್ಕಳು ಚೆನ್ನಾಗಿಯೇ ಮಾಡಿದರು. ನಿರೀಕ್ಷೆಗಿಂತ ಚೆನ್ನಾಗಿ ಮಾಡಿದ್ದೇ ಅನುಮಾನಕ್ಕೆ ಕಾರಣವಾಯಿತು. ಒಬ್ಬಳ ಪತ್ರಿಕೆಯ ಅಂಚಿನಲ್ಲಿ ಚಿಕ್ಕದಾಗಿ ಹೀಗಿತ್ತು:

```
9 + 10 + 17 = 36
```

ಅವಳು ವಿಸ್ತೀರ್ಣ ಕಂಡುಹಿಡಿದೇ ಇರಲಿಲ್ಲ. ಸುತ್ತಳತೆ ಕೂಡಿದ್ದಳು, ಅದೂ 36! ವಿಸ್ತೀರ್ಣವನ್ನೂ ಸುತ್ತಳತೆಯನ್ನೂ ಅದಲು ಬದಲು ಮಾಡುವುದು ಹೈಸ್ಕೂಲಿನಲ್ಲೂ ಹೋಗದ ಕಾಯಿಲೆ. ನನ್ನ ಪ್ರಶ್ನೆ ಆ ಕಾಯಿಲೆಗೆ ಪೂರ್ತಿ ಅಂಕ ಕೊಟ್ಟು ಕಳಿಸಿತ್ತು.

ಇದು ಅಪರೂಪದ ಕಾಕತಾಳೀಯ ಎಂದು ಕೊಡವಿಕೊಳ್ಳುವ ಹಾಗೂ ಇಲ್ಲ. ಬಾಹುಗಳೆಲ್ಲ ಪೂರ್ಣಾಂಕವಾಗಿದ್ದು, ವಿಸ್ತೀರ್ಣದ ಸಂಖ್ಯೆಯೂ ಸುತ್ತಳತೆಯ ಸಂಖ್ಯೆಯೂ ಒಂದೇ ಆಗುವ ತ್ರಿಭುಜಗಳು ಇರುವುದೇ ಐದು. 9, 10, 17 ಅವುಗಳಲ್ಲೊಂದು. ಉಳಿದ ನಾಲ್ಕರಲ್ಲಿ ಎರಡು ಯಾವುವು ಗೊತ್ತೇ? 6, 8, 10 ಮತ್ತು 5, 12, 13. ಲಂಬಕೋನ ತ್ರಿಭುಜ ಬೇಕು ಎಂದ ಕೂಡಲೇ ಮೇಷ್ಟರುಗಳ ಸೀಮೆಸುಣ್ಣ ತಾನಾಗಿ ಬರೆಯುವ ಸಂಖ್ಯೆಗಳೇ ಇವು. ಮೊದಲನೆಯದರಲ್ಲಿ ವಿಸ್ತೀರ್ಣವೂ 24, ಸುತ್ತಳತೆಯೂ 24. ಎರಡನೆಯದರಲ್ಲಿ ಎರಡೂ 30. ಹಾಗಾದರೆ ಅತಿ ಪರಿಚಿತವಾದ 3, 4, 5 ಒಳ್ಳೆಯದೇ? ಅದರ ವಿಸ್ತೀರ್ಣ 6, ಸುತ್ತಳತೆ 12. ಸರಿಯುತ್ತರ ಬಚಾವಾಯಿತು. ಆದರೆ ಅರ್ಧ ಮಾಡಲು ಮರೆತವರಿಗೂ ಮೂರು ನಾಲ್ಕಲಿ ಹನ್ನೆರಡೇ ಬರುತ್ತದೆ. 12 ಎಂದ ಮಗು ಸುತ್ತಳತೆ ಕೂಡಿತೋ, ಅರ್ಧ ಬಿಟ್ಟಿತೋ ಹೇಳಲು ಸಾಧ್ಯವಿಲ್ಲ. ಒಂದೇ ಬಾಗಿಲಿನಿಂದ ಇಬ್ಬರು ಹೊರಬಂದರೆ ಯಾರು ಯಾವ ಕೋಣೆಯಲ್ಲಿದ್ದರು ಎಂದು ಹೇಗೆ ತಿಳಿಯಬೇಕು?

ನನ್ನ ಎರಡನೆಯ ಪ್ರಯತ್ನದಲ್ಲಿ ಉದ್ದದ ಬಾಹುವಿನ ಅಳತೆಯನ್ನು ಚಿತ್ರದಿಂದ ತೆಗೆದೆ. ಸುತ್ತಳತೆ ಕೂಡುವ ದಾರಿಯೇ ಮುಚ್ಚಿತು. ಆ ತಪ್ಪನ್ನು ಬೇರೆ ಪ್ರಶ್ನೆಯಲ್ಲಿ ಹಿಡಿದರಾಯಿತು, ಒಂದೇ ಪ್ರಶ್ನೆಯಿಂದ ಎಲ್ಲವನ್ನೂ ಹಿಡಿಯಲು ಹೋಗಬಾರದು. ಪಾದವನ್ನು 12 ಮಾಡಿದೆ. ಸರಿಯುತ್ತರ 48, ಅರ್ಧ ಬಿಟ್ಟರೆ 96, ಓರೆ ಬಾಹು ಹಿಡಿದರೆ 60, ಹೊರಚಾಚು ಸೇರಿಸಿದರೆ 72. ನಾಲ್ಕೂ ಬೇರೆ ಬೇರೆ. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ನಮ್ಮ ಶಾಲೆಯ ಇನ್ನೊಬ್ಬ ಗಣಿತದ ಮೇಡಮ್ಮು ಚಿತ್ರದ ಮೇಲೆ ಬೆರಳಿಟ್ಟು, "ಸರ್, ಆರೆಂಟಲಿ ಎಷ್ಟು?" ಅಂದರು. ನಲವತ್ತೆಂಟು. ಹೊರಚಾಚನ್ನು ಎತ್ತರದಿಂದ ಗುಣಿಸಿದವನು, ಅಂದರೆ ತಪ್ಪು ತ್ರಿಭುಜ ಹಿಡಿದು ಅರ್ಧ ಮಾಡುವುದನ್ನೂ ಮರೆತವನು, ಸೀದಾ ಸರಿಯುತ್ತರಕ್ಕೆ ಬಂದು ಕೂರುತ್ತಿದ್ದ.

ಆಮೇಲೆ ನನಗೊಂದು ಅಭ್ಯಾಸವಾಯಿತು. ಚಿತ್ರದಲ್ಲಿ ಕಾಣುವ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು, ಎರಡೆರಡನ್ನು ಗುಣಿಸಿ, ಅರ್ಧ ಮಾಡಿ, ಎಲ್ಲವನ್ನೂ ಕೂಡಿ ಒಂದು ಪಟ್ಟಿ ಮಾಡುತ್ತೇನೆ. ಸರಿಯುತ್ತರ ಆ ಪಟ್ಟಿಯಲ್ಲಿ ಸರಿಯಾದ ದಾರಿಯೊಂದರಿಂದ ಮಾತ್ರ ಬರಬೇಕು. ಪ್ರತಿ ತಪ್ಪು ಆಯ್ಕೆಯೂ ಒಂದೇ ತಪ್ಪಿನಿಂದ ಬರಬೇಕು. ಪಾದ 7 ಸಿಕ್ಕಿದ್ದು ಹೀಗೆ. 6, 7, 8, 10ನ್ನು ಹೇಗೆ ತಿರುಚಿದರೂ 28 ಬರುವುದು 7 ಮತ್ತು 8ರ ಗುಣಲಬ್ಧದ ಅರ್ಧದಿಂದ ಮಾತ್ರ. ನಾಲ್ಕನ್ನೂ ಕೂಡಿದರೆ 31, ಅದು ಆಯ್ಕೆಯಲ್ಲಿಲ್ಲ. ಚಿತ್ರದಲ್ಲಿ ಕಂಡದ್ದನ್ನೆಲ್ಲ ಕೂಡಿಬಿಡುವ ಮಗು ಇರುತ್ತದೆಯೇ ಎಂದು ಕೇಳಬೇಡಿ, ಪ್ರತಿ ತರಗತಿಯಲ್ಲೂ ಒಂದಿರುತ್ತದೆ.

ಕೋನಗಳ ಪ್ರಶ್ನೆಯಲ್ಲೂ ಇದೇ ಕಥೆ, ಇನ್ನೂ ಸೊಗಸಾಗಿ. ಸಮದ್ವಿಬಾಹು ತ್ರಿಭುಜದ ನೆತ್ತಿಯ ಕೋನ 60 ಡಿಗ್ರಿ, ಪಾದದ ಕೋನ ಎಷ್ಟು ಎಂದು ಕೇಳಿದರೆ ಪ್ರಶ್ನೆ ಅಲ್ಲೇ ಸತ್ತಿತು. ಸರಿಯಾಗಿ ಮಾಡಿದರೂ 60, ಸಮವಾದ ಕೋನಗಳು ಯಾವುವು ಎಂದು ತಪ್ಪು ತಿಳಿದರೂ 60, 180ರಿಂದ 60ನ್ನು ಎರಡು ಸಲ ಕಳೆದರೂ 60. ನೆತ್ತಿಯ ಕೋನವನ್ನು 40 ಮಾಡಿ ನೋಡಿ. ಸರಿಯುತ್ತರ 70. ನೆತ್ತಿಯ ಕೋನಕ್ಕೆ ಪಾದದ ಕೋನ ಸಮ ಎಂದುಕೊಂಡವರಿಗೆ 40, 180ರಿಂದ ಕಳೆದು ಅರ್ಧ ಮಾಡದೆ ನಿಂತವರಿಗೆ 140, ಎರಡು ಸಲ ಕಳೆದವರಿಗೆ 100. ಸಂಖ್ಯೆಯೊಂದನ್ನು ಬದಲಿಸಿದ್ದಕ್ಕೆ ನಾಲ್ಕೂ ಬೇರೆಯಾದವು.

ಮತ್ತೆ ನಮ್ಮ ತ್ರಿಭುಜಕ್ಕೆ ಬರೋಣ, ಯಾಕೆಂದರೆ ಅದರಲ್ಲಿ ಇನ್ನೂ ಒಂದು ಹುಳುಕಿದೆ. ಆಯ್ಕೆಗಳನ್ನು ಮತ್ತೊಮ್ಮೆ ನೋಡಿ: 28, 35, 52, 56. ರೇಖಾಗಣಿತ ಏನೂ ಬಾರದ, ಆದರೆ ಪರೀಕ್ಷೆ ಬರೆದು ಪಳಗಿದ ಮಗು ಇಲ್ಲಿ ಏನು ಗಮನಿಸುತ್ತದೆ? 28ರ ಎರಡರಷ್ಟು 56. ಉಳಿದ ಎರಡಕ್ಕೆ ಜೋಡಿಯಿಲ್ಲ. "ಅರ್ಧ ಮಾಡೋದು ಮರೆತವರಿಗೆ ಒಂದು ಇಟ್ಟಿರ್ತಾರೆ, ಹಾಗಾದ್ರೆ ಚಿಕ್ಕದೇ ಉತ್ತರ." ಟ್ಯೂಷನ್‌ಗಳಲ್ಲಿ ಇದನ್ನು ಕಲಿಸುತ್ತಾರೆ ಕೂಡ. ಇದಕ್ಕೆ ಮದ್ದು ಜೋಡಿಗೆ ಇನ್ನೊಂದು ಜೋಡಿ ತರುವುದು: 28, 52, 56, 104. ಇಲ್ಲಿ 104 ಎಂದರೆ ಹೊರಚಾಚನ್ನೂ ಸೇರಿಸಿ, ಅರ್ಧವನ್ನೂ ಬಿಟ್ಟವರು. ಪಾದ ಸರಿಯೋ ತಪ್ಪೋ, ಅರ್ಧ ಮಾಡಿದರೋ ಇಲ್ಲವೋ, ಈ ಎರಡು ಸಂಗತಿಗಳು ಸೇರಿ ಆಗುವ ನಾಲ್ಕೂ ಸಾಧ್ಯತೆಗಳು ಇದರಲ್ಲಿವೆ. ಯಾವುದು ಜೋಡಿ ಎಂದು ನೋಡಿ ಊಹಿಸಿದರೂ ಉಪಯೋಗವಿಲ್ಲ. ಆದರೆ 35 ಹೋಯಿತು, ಓರೆ ಬಾಹುವನ್ನು ಎತ್ತರ ಎಂದವಳು ಇದರಲ್ಲಿ ಸಿಗುವುದಿಲ್ಲ. ಅವಳಿಗೆ ಬೇರೊಂದು ಪ್ರಶ್ನೆ ಬರೆಯಬೇಕು. ನಾನು ತರಗತಿಯೊಳಗಿನ ಕಿರುಪರೀಕ್ಷೆಗೆ ಮೊದಲ ರೂಪವನ್ನೇ ಇಟ್ಟುಕೊಂಡಿದ್ದೇನೆ. ಅಂಕಕ್ಕಾಗಿ ಪೈಪೋಟಿ ಇಲ್ಲದ ಕಡೆ ಮಕ್ಕಳು ಜೋಡಿ ಹುಡುಕುವ ಗೋಜಿಗೆ ಹೋಗುವುದು ಕಡಿಮೆ.

ಆಯ್ಕೆ ನಾಲ್ಕೇ ಇರಬೇಕೆಂಬ ನಿಯಮವೇನೂ ಆಕಾಶದಿಂದ ಇಳಿದಿಲ್ಲ. ಅಮೆರಿಕದ ಮೈಕಲ್ ರಾಡ್ರಿಗೆಜ್ ಎಂಬ ಸಂಶೋಧಕ ಈ ಬಗ್ಗೆ ಹಿಂದಿನ 80 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ, ಮೂರು ಆಯ್ಕೆಗಳೇ ಸಾಕು ಎಂದು 2005ರಲ್ಲಿ ತೀರ್ಮಾನಕ್ಕೆ ಬಂದರು. ಕಾರಣ ಸರಳ. ನಾಲ್ಕನೆಯದನ್ನು ಬಹಳ ಸಲ ತುಂಬಿಸುವುದಕ್ಕಾಗಿ ಬರೆಯುತ್ತಾರೆ, ಅದನ್ನು ಯಾರೂ ಆರಿಸುವುದಿಲ್ಲ. ನೂರರಲ್ಲಿ ಐದು ಮಂದಿಯೂ ಆರಿಸದ ಆಯ್ಕೆಯನ್ನು ಕೆಲಸ ಮಾಡದ ಆಯ್ಕೆ ಎಂದು ಲೆಕ್ಕ ಹಾಕುವುದು ವಾಡಿಕೆ. "ಮೇಲಿನ ಯಾವುದೂ ಅಲ್ಲ" ಎನ್ನುವುದಂತೂ ನನ್ನ ಮಟ್ಟಿಗೆ ಕಸದ ಬುಟ್ಟಿ: ಹತ್ತು ಬಗೆಯ ತಪ್ಪು ಮಾಡಿದವರೆಲ್ಲ ಹೋಗಿ ಅದರಲ್ಲೇ ಬೀಳುತ್ತಾರೆ, ಯಾರು ಏಕೆ ಬಿದ್ದರು ಎಂದು ಬುಟ್ಟಿ ಹೇಳುವುದಿಲ್ಲ.

ಇಷ್ಟಾದ ಮೇಲೆ ಬರುವ ಫಲಿತಾಂಶವನ್ನು ಓದುವುದು ಹೇಗೆ? 40 ಮಕ್ಕಳ ತರಗತಿ ಎಂದಿಟ್ಟುಕೊಳ್ಳಿ. 28ಕ್ಕೆ 16, 35ಕ್ಕೆ 14, 52ಕ್ಕೆ 7, 56ಕ್ಕೆ 3 ಮಕ್ಕಳು ಗುರುತು ಹಾಕಿದ್ದಾರೆ ಎನ್ನೋಣ. ಎಲ್ಲರೂ ಕಣ್ಣುಮುಚ್ಚಿ ಹಾಕಿದ್ದರೆ ಒಂದೊಂದಕ್ಕೂ ಹೆಚ್ಚುಕಡಿಮೆ 10 ಬರಬೇಕಿತ್ತು. 56ಕ್ಕೆ ಮೂರೇ ಬಂದಿದೆ, ಅಂದರೆ ಅರ್ಧ ಮಾಡಬೇಕೆನ್ನುವುದು ತರಗತಿಗೆ ಗಟ್ಟಿಯಾಗಿ ನಾಟಿದೆ, ಅದನ್ನೇ ಮತ್ತೆ ಹೇಳುತ್ತಾ ಪೀರಿಯಡ್ ಕಳೆಯಬೇಕಿಲ್ಲ. 35ರ 14 ಜನಕ್ಕೆ ಎತ್ತರ ಎಂದರೇನು ಎಂಬ ಪಾಠ ಬೇಕು. ನಾನು ಅದಕ್ಕೆ ಪೊರಕೆಕಡ್ಡಿ ಬಳಸುತ್ತೇನೆ. ನಾಲ್ಕು ಕಡ್ಡಿಗಳನ್ನು ಮೂಲೆಯಲ್ಲಿ ದಾರದಿಂದ ಸಡಿಲವಾಗಿ ಕಟ್ಟಿ ಆಯತ ಮಾಡಿ, ಒಂದು ಪಕ್ಕಕ್ಕೆ ನಿಧಾನವಾಗಿ ಒರಗಿಸಬೇಕು. ಕಡ್ಡಿಗಳ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಒಳಗಿನ ಜಾಗ ಮಾತ್ರ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಮಾಯವಾಗುತ್ತದೆ. ಓರೆ ಬಾಹುವಿನಿಂದ ವಿಸ್ತೀರ್ಣ ಬರುವುದಾದರೆ ಅದು ಕುಗ್ಗಬಾರದಿತ್ತಲ್ಲ ಎಂದು ಮಕ್ಕಳೇ ಕೇಳುತ್ತಾರೆ. 52ರ ಏಳು ಜನಕ್ಕೆ ಈ ಕಡ್ಡಿಯಾಟದಿಂದ ಲಾಭವಿಲ್ಲ. ಅವರಿಗೆ ಬೇಕಾದದ್ದು ದೊಡ್ಡ ಲಂಬಕೋನ ತ್ರಿಭುಜದ ವಿಸ್ತೀರ್ಣ 52ರಿಂದ ಹೊರಗಿನ ಚಿಕ್ಕ ತ್ರಿಭುಜದ 24ನ್ನು ಕತ್ತರಿಸಿ ತೆಗೆದು, ಉಳಿದ 28ನ್ನು ಕೈಯಲ್ಲಿ ಹಿಡಿದು ನೋಡುವುದು. ಹಿಂದಿನ ಬೆಂಚಿನ ಆ ಹುಡುಗನಿಗೆ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಟ್ಟು ಕತ್ತರಿ ಕೊಟ್ಟೆ. ಕತ್ತರಿಸಿ ಮುಗಿದಾಗ, "ಹಾಗಾದ್ರೆ ಎತ್ತರ ಬೇರೆಯವರ ಹೊಲದಲ್ಲಿ ನಿಂತಿದೆ ಸಾರ್," ಅಂದ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ.

ಇನ್ನೊಂದು ಸೂಚನೆಯನ್ನೂ ನೋಡಬೇಕು. ತರಗತಿಯಲ್ಲಿ ಒಟ್ಟಾರೆ ಚೆನ್ನಾಗಿ ಮಾಡಿದ ಮಕ್ಕಳೇ ಒಂದು ತಪ್ಪು ಆಯ್ಕೆಗೆ ಗುಂಪಾಗಿ ಹೋಗಿದ್ದರೆ, ಹಿಂದುಳಿದವರು ಹೋಗದಿದ್ದರೆ, ತಪ್ಪು ಮಕ್ಕಳದ್ದಲ್ಲದಿರಬಹುದು, ಪ್ರಶ್ನೆಯದ್ದೇ ಇರಬಹುದು. ಚಿತ್ರದಲ್ಲಿ 10 ಎಂಬ ಅಂಕಿ ಓರೆ ಬಾಹುವಿಗೂ ಚುಕ್ಕೆಗೆರೆಗೂ ನಡುವೆ ಅಚ್ಚಾಗಿ, ಅದು ಎತ್ತರದ ಅಳತೆ ಎಂದು ಓದುವಂತಾಗಿದ್ದರೆ ಹೀಗಾಗುತ್ತದೆ. ಕಲ್ಲಚ್ಚಿನ ಪ್ರತಿಗಳ ಕಾಲದಲ್ಲಿ ಲಂಬದ ಚಿಕ್ಕ ಚೌಕ ಗುರುತೇ ಅಳಿಸಿಹೋಗಿ ಇಡೀ ತರಗತಿ ದಾರಿ ತಪ್ಪಿದ್ದುಂಟು.

ಇದೆಲ್ಲ ಮಕ್ಕಳಿಗೆ ಗುಂಡಿ ತೋಡಿದ ಹಾಗಲ್ಲವೇ ಎಂದು ಪೋಷಕರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ತನ್ನ ತಪ್ಪು ಉತ್ತರವನ್ನು ಆಯ್ಕೆಗಳಲ್ಲಿ ಕಂಡ ಮಗುವಿಗೆ "ನಾನು ಸರಿ" ಎಂಬ ಧೈರ್ಯ ಬರುತ್ತದೆ, ಮತ್ತೊಮ್ಮೆ ಪರಿಶೀಲಿಸುವುದಿಲ್ಲ. ಪಾಠದ ನಡುವಿನ ಕಿರುಪರೀಕ್ಷೆಯಲ್ಲಿ ನನಗೆ ಬೇಕಾದದ್ದೂ ಅದೇ, ತಪ್ಪು ಮುಖ ತೋರಿಸಲಿ ಎಂದು. ಅಂತಿಮ ಪರೀಕ್ಷೆಯ ಮಾತು ಬೇರೆ. ಕೋವಿಡ್ ಕಾರಣಕ್ಕೆ 2021ರ ಜುಲೈನಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಪೂರ್ತಿ ಬಹು ಆಯ್ಕೆ ಮಾಡಿ ಎರಡೇ ದಿನದಲ್ಲಿ ಮುಗಿಸಿದ್ದು ನೆನಪಿರಬಹುದು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರಕ್ಕೂ ಒಂದೇ ದಿನ, ಉತ್ತರ ತುಂಬಲು ಓಎಂಆರ್ ಹಾಳೆ. ಅಂಥ ಕಡೆ ಮಗು ಯಾವ ತಪ್ಪು ಮಾಡಿತೆಂದು ಮಾರನೆಯ ದಿನ ಕೂತು ಮಾತಾಡುವ ಮೇಷ್ಟರು ಯಾರೂ ಇರುವುದಿಲ್ಲ. ತಪ್ಪಿನ ಗುರುತು ಹಿಡಿಯುವ ಆಯ್ಕೆಗೆ ಬೆಲೆ ಬರುವುದು ಆ ಗುರುತನ್ನು ಯಾರಾದರೂ ಓದಿದಾಗ ಮಾತ್ರ. ಹಾಗಾಗಿ ನನ್ನ ಉತ್ತರಪಟ್ಟಿಯಲ್ಲಿ ಸರಿ ಅಕ್ಷರವೊಂದೇ ಇರುವುದಿಲ್ಲ. ಪ್ರತಿ ಅಕ್ಷರದ ಎದುರಿಗೆ ಒಂದೊಂದು ಸಾಲು: (ಬಿ) ಓರೆ ಬಾಹು, ಕಡ್ಡಿ ಆಟ. (ಸಿ) ಪಾದ ಉದ್ದವಾಯಿತು, ಕತ್ತರಿ. (ಡಿ) ಅರ್ಧ ಮರೆತದ್ದು, ಆಯತದ ಅರ್ಧ ತೋರಿಸು.

ಈ ಪಟ್ಟಿಯನ್ನು ಅತಿಯಾಗಿ ನಂಬುವುದೂ ತಪ್ಪು. ಒಂದು ಗುರುತಿನಿಂದ ಒಂದು ಮಗುವಿನ ಬಗ್ಗೆ ತೀರ್ಪು ಕೊಡಲಾಗದು, ಊಹೆಯ ಪಾಲು ಯಾವಾಗಲೂ ಇದ್ದೇ ಇರುತ್ತದೆ. ತ್ರಿಭುಜವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಮೂರು ಪ್ರಶ್ನೆ ಕೊಟ್ಟು, ಮೂರರಲ್ಲಿ ಎರಡರಲ್ಲಾದರೂ ಅದೇ ತಪ್ಪು ಮರುಕಳಿಸಿದರೆ ಮಾತ್ರ ನಾನು ಅದನ್ನು ತಪ್ಪು ತಿಳಿವಳಿಕೆ ಎಂದು ಬರೆದುಕೊಳ್ಳುತ್ತೇನೆ. ಸರಿಯುತ್ತರದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹೋದ ವರ್ಷ 28 ಎಂದು ಸರಿಯಾಗಿ ಗುರುತಿಸಿದ ಮಕ್ಕಳಲ್ಲಿ ಕೆಲವರನ್ನು ಕರೆದು ಹೇಗೆ ಮಾಡಿದಿರಿ ಎಂದು ಕೇಳಿದೆ. ಒಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ತ್ರಿಭುಜ ನೋಡೋಕೆ ಸಣ್ಣಗಿತ್ತು, ಅದಕ್ಕೆ ಎಲ್ಲಕ್ಕಿಂತ ಸಣ್ಣ ಸಂಖ್ಯೆ ಹಾಕಿದೆ," ಅಂದಳು.

ಆಯ್ಕೆಗಳನ್ನು ಏರಿಕೆಯಲ್ಲಿ ಬರೆಯುವುದು ಒಳ್ಳೆಯ ಪದ್ಧತಿಯೇ. ಆದರೆ ಈ ಬಗೆಯ ಪ್ರಶ್ನೆಯಲ್ಲಿ ತಪ್ಪುಗಳೆಲ್ಲ ವಿಸ್ತೀರ್ಣವನ್ನು ಹಿಗ್ಗಿಸುವಂಥವೇ ಆದ್ದರಿಂದ ಸರಿಯುತ್ತರ ಸದಾ ಮೊದಲಿಗೇ ಬಂದು ನಿಲ್ಲುತ್ತದೆ ಎನ್ನುವುದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಸರಿಯುತ್ತರಕ್ಕಿಂತ ಚಿಕ್ಕದಾದ ಒಂದು ತಪ್ಪು ಬೇಕು. ಚೀಟಿಗಳಲ್ಲಿ ಸಿಗದೆ ಬಿಟ್ಟಿದ್ದ ಹೊರಗಿನ ಚಿಕ್ಕ ತ್ರಿಭುಜ ನೆನಪಾಯಿತು. ಅದೇ ಅಳತೆ ಮತ್ತೆ ಕೊಟ್ಟರೆ ಮಕ್ಕಳಿಗೆ ಉತ್ತರ ನೆನಪಿರುತ್ತದೆ, ಹಾಗಾಗಿ ಹೊಸದು ಹುಡುಕಿದೆ: ಹೊರಚಾಚು 5, ಎತ್ತರ 12, ಓರೆ ಬಾಹು 13, ಪಾದ 6. ಹೊರಗಿನ ತ್ರಿಭುಜ 30, ಸರಿಯುತ್ತರ 36, ಓರೆ ಬಾಹು ಹಿಡಿದರೆ 39, ಹೊರಚಾಚು ಸೇರಿಸಿದರೆ 66. ಚೆನ್ನಾಗಿದೆ ಎಂದು ಪೆನ್ನಿನ ಮುಚ್ಚಳ ಹಾಕುವ ಮುಂಚೆ, ಅಭ್ಯಾಸಬಲದಿಂದ ಚಿತ್ರದಲ್ಲಿದ್ದ ನಾಲ್ಕನ್ನೂ ಕೂಡಿದೆ. ಐದು, ಹನ್ನೆರಡು, ಹದಿಮೂರು, ಆರು. ಮೂವತ್ತಾರು. ಮುಚ್ಚಳವನ್ನು ಮತ್ತೆ ತೆಗೆದೆ.